ತುಟಿ ಸೇರುವ ಜಾಗ

ಡೊಂಬಿವಲಿಯ ಆ ಮನೆಯಲ್ಲಿ ಟಿವಿ ನೋಡುವಾಗ ಅಮ್ಮ ಮಾತು ಕೇಳುವುದಕ್ಕಿಂತ ನೋಡುವುದೇ ಹೆಚ್ಚು. ಕಿವಿ ಮಂದವಾದ ಮೇಲೆ ಎದುರಿನವರ ತುಟಿಯ ಮೇಲೇ ಕಣ್ಣು. ಡಬ್ ಆದ ಧಾರಾವಾಹಿ ಬಂದರೆ ಕಷ್ಟ. "ಆಕಿ ಏನಂದ್ಲು?" ಎಂದು ನಿಮಿಷಕ್ಕೊಮ್ಮೆ ಕೇಳುತ್ತಾರೆ. ಆ ಸಂಭಾಷಣೆ ಬರೆದವಳು ಪಕ್ಕದಲ್ಲೇ ಕೂತ ಮಗಳು.

ಹಿಂದಿ ಧಾರಾವಾಹಿಗಳನ್ನು ಕನ್ನಡಕ್ಕೆ ತರುವುದು ಮಗಳ ಕೆಲಸ. ಈ ಕಸುಬಿಗೆ ಕನ್ನಡದಲ್ಲಿ ಗುರುಗಳು ಕಡಿಮೆ. ದಶಕಗಳ ಕಾಲ ಇಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ಬಿಟ್ಟುಕೊಂಡಿತು. ತೆಲುಗು, ತಮಿಳಿನವರು ತಲೆಮಾರುಗಳಿಂದ ಮಾಡುತ್ತ ಬಂದದ್ದನ್ನು ಕನ್ನಡದವರು ತಪ್ಪು ಮಾಡಿ ಮಾಡಿ ಕಲಿಯಬೇಕಾಯಿತು.

ಅವಳು ದೃಶ್ಯವನ್ನು ಮೊದಲು ಧ್ವನಿ ಮುಚ್ಚಿ ನೋಡುತ್ತಾಳೆ. ತುಟಿ ಸೇರಿದಲ್ಲೆಲ್ಲ ಹಾಳೆಯ ಮೇಲೆ ಒಂದು ಚುಕ್ಕೆ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು, ಅದನ್ನು ಯಾರೂ ಅಡಗಿಸಲಾರರು. ಫ ಹೇಳುವಾಗ ಕೆಳತುಟಿ ಹಲ್ಲಿಗೆ ತಾಗುತ್ತದೆ; ದೂರದಿಂದ ಅದೂ ಮುಚ್ಚಿದಂತೆಯೇ ಕಾಣುತ್ತದೆ. ಕ, ತ, ನ ಎಲ್ಲ ಬಾಯೊಳಗಿನ ವ್ಯವಹಾರ, ನೋಡುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಎಲ್ಲ ಅಕ್ಷರವನ್ನೂ ಹೊಂದಿಸಲು ಹೋಗುವುದು ಹುಚ್ಚು. ಚುಕ್ಕೆಗಳು, ಮಾತಿನ ಉದ್ದ ಮತ್ತು ಕೊನೆಯ ಸ್ವರ, ಇವು ಕೂಡಿದರೆ ಕಣ್ಣು ಉಳಿದದ್ದನ್ನು ಕ್ಷಮಿಸುತ್ತದೆ.

ಕ್ಷಮಿಸುವುದೇ ಒಂದು ವಾರ ಅವಳನ್ನು ಕಾಡಿತು. ಹೆಂಡತಿಯ ಮುಖ ಪರದೆ ತುಂಬ. ಗಂಡ ಮನೆಯನ್ನೇ ಗುಟ್ಟಾಗಿ ಅಡವಿಟ್ಟಿದ್ದಾನೆ. ಅವಳು ಹೇಳುತ್ತಾಳೆ: "ಮೈಂ ತುಮ್ಹೇಂ ಮಾಫ್ ನಹೀಂ ಕರ್ ಸಕ್ತೀ." ಒಂಬತ್ತು ಪೆಟ್ಟಿನ ಮಾತು. ಚುಕ್ಕೆಗಳು ಮೈಂ, ತುಮ್, ಮಾಫ್‌ಗಳಲ್ಲಿ. ಕೊನೆಯಲ್ಲಿ ತುಟಿ ಅಗಲವಾಗಿ ನಿಲ್ಲುವ ಈಕಾರ.

"ನಾನು ನಿನ್ನನ್ನು ಕ್ಷಮಿಸಲಾರೆ" ಎಂಬ ನೇರ ಅನುವಾದಕ್ಕೆ ಹತ್ತು ಪೆಟ್ಟು. ಮೇಲಾಗಿ 'ತುಮ್'ಗೆ 'ನೀನು' ಹೊಂದುವುದಿಲ್ಲ. ಕನ್ನಡ ಧಾರಾವಾಹಿಯ ಇಂಥ ಹೆಂಡತಿ ಗಂಡನಿಗೆ 'ನೀವು' ಎನ್ನುತ್ತಾಳೆ. ಈ ಮರ್ಯಾದೆಯಿಂದ ಲಾಭವೇ ಆಯಿತು: 'ನಿಮ್ಮನ್'ನ ಮಕಾರ 'ತುಮ್' ಇದ್ದಲ್ಲೇ ಬಂದು ಕೂತಿತು.

ಆಗ ಹೊಳೆದದ್ದು "ನಾ ನಿಮ್ಮನ್ ಮಾತಾಡಿಸಲ್ಲ ರೀ". ಒಂಬತ್ತು ಪೆಟ್ಟು, 'ಮಾ'ಗೆ 'ಮಾ', 'ತೀ'ಗೆ 'ರೀ'. ತುಟಿ ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳು ಒಂದು ದಿನ ಅದನ್ನೇ ಇಟ್ಟುಕೊಂಡಳು. ಮರುದಿನ ಜೋರಾಗಿ ಓದಿದಾಗ ನಗು ಬಂತು. ಮನೆ ಅಡವಿಟ್ಟವನಿಗೆ ಸೀರೆ ತರಲು ಮರೆತವನ ಮೇಲಿನ ಮುನಿಸು! ಬಾಯಿ ಸರಿ, ಹೆಂಗಸು ತಪ್ಪು.

ಹೊಡೆದು ಹಾಕಿ ಮತ್ತೆ ಬರೆದಳು: "ನಾ ನಿಮ್ಮನ್ ಕ್ಷಮಿಸೋದಿಲ್ಲ ರೀ." ಇದೂ ಒಂಬತ್ತೇ. 'ಮಾಫ್'ನ ಮೊದಲ ಚುಕ್ಕೆ ತಪ್ಪುತ್ತದೆ. ಆದರೆ ಅದರ ಕೊನೆಯ ಫಕಾರಕ್ಕೆ ತುಟಿ ಹಲ್ಲಿಗೆ ತಾಗುವ ಹೊತ್ತಿಗೆ ಸರಿಯಾಗಿ 'ಕ್ಷಮಿ'ಯ ಮಕಾರ ಬರುತ್ತದೆ. ಶುರುವಿನ 'ಮೈಂ' ಚಿಂತೆಯಿಲ್ಲ. ಸುಮ್ಮನಿದ್ದ ಬಾಯಿ ಮಾತಿಗೆ ತೆರೆಯುವಾಗ ಮುಚ್ಚಿದಲ್ಲಿಂದಲೇ ತೆರೆಯುತ್ತದೆ. 'ರೀ' ಬಗ್ಗೆ ಮಾತ್ರ ಅವಳಿಗೆ ಅಳುಕಿತ್ತು. ಅವಳ ಧಾರವಾಡದಲ್ಲಿ ಅದು ಬಸ್ ಕಂಡಕ್ಟರಿಗೂ ಸಲ್ಲುವ ಮಾತು. ಬೆಂಗಳೂರಿನ ಹೆಂಡತಿಯ ಬಾಯಲ್ಲಿ ಅದು ಗಂಡನಿಗೇ ಮೀಸಲು, ಸಿಟ್ಟಿನಲ್ಲಿ ಇನ್ನೂ ಚುಚ್ಚುತ್ತದೆ ಎಂದು ಸ್ಟುಡಿಯೊದಲ್ಲಿ ಕಂಠದಾನದ ಕಲಾವಿದೆ ಧೈರ್ಯ ಹೇಳಿದರು.

ಒಂದು ಕೊರತೆ ಉಳಿದಿತ್ತು. 'ನಹೀಂ ಕರ್ ಸಕ್ತೀ' ಎಂದರೆ ಕ್ಷಮಿಸುವುದಿಲ್ಲ ಎಂದಲ್ಲ, ಕ್ಷಮಿಸಲು ಆಗುವುದಿಲ್ಲ ಎಂದು. ಆಕೆ ಪ್ರಯತ್ನಪಟ್ಟು ಸೋತಿದ್ದಾಳೆ, ಮುಂದಿನ ಕಂತುಗಳ ಕಥೆ ನಿಂತಿರುವುದೇ ಅದರ ಮೇಲೆ. 'ಕ್ಷಮಿಸೋಕಾಗಲ್ಲ' ಎಂದರೆ ಪೆಟ್ಟು ಹತ್ತಾಗುತ್ತದೆ. 'ನಾ' ತೆಗೆದರೆ ಒಂಬತ್ತಕ್ಕೆ ಇಳಿದರೂ ಚುಕ್ಕೆಗಳೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತವೆ.

ದೃಶ್ಯವನ್ನು ಇನ್ನೂ ಸ್ವಲ್ಪ ಓಡಿಸಿದಾಗ ದಾರಿ ಕಂಡಿತು. ಮಾತು ಮುಗಿದೊಡನೆ ಕ್ಯಾಮೆರಾ ಗಂಡನ ಮುಖಕ್ಕೆ ಹೊರಳುತ್ತದೆ, ಎರಡು ಸೆಕೆಂಡು ಅಲ್ಲೇ ನಿಲ್ಲುತ್ತದೆ. ಮೂಲದಲ್ಲಿ ಅಲ್ಲಿರುವುದು ಆಕೆಯ ಒಂದು ಉಸಿರು ಮಾತ್ರ. ಬಾಯಿ ಕಾಣದ ಕಡೆ ಬರೆಯುವವಳಿಗೆ ಸ್ವಾತಂತ್ರ್ಯ. ಅಲ್ಲಿ ಅವಳು ಸೇರಿಸಿದಳು: "ಆಗ್ತಿಲ್ಲ ನನ್ ಕೈಲಿ." ಪಕ್ಕದಲ್ಲಿ 'ಮುಖ ಇಲ್ಲ, ಉಸಿರಿನ ಮೇಲೆ, ಮೆಲ್ಲಗೆ' ಎಂದು ಗುರುತು. ಮೂಲದಲ್ಲಿಲ್ಲದ ಮಾತು ಸೇರಿಸುವುದಕ್ಕೆ ನಿರ್ದೇಶಕರ ಒಪ್ಪಿಗೆ ಬೇಕು. ಅವರು ಎರಡು ಸಲ ಓಡಿಸಿ ನೋಡಿ ಬಿಟ್ಟುಕೊಟ್ಟರು.

ಆ ಕಂತು ಬಂದ ರಾತ್ರಿ ಮಗಳು ಟಿವಿ ನೋಡಲಿಲ್ಲ, ಅಮ್ಮನನ್ನು ನೋಡಿದಳು. ಆ ಮಾತು ಬಂತು, ಹೋಯಿತು. ಅಮ್ಮ ಏನೂ ಕೇಳಲಿಲ್ಲ. ಗಂಡ ಬಾಯಿ ತೆರೆದದ್ದೇ ತಡ, ಇತ್ತ ತಿರುಗಿದರು.

"ಅಂವ ಏನಂದ?"