ಡೋಲಿನ ಹಾಗೆ ಎಳೆದ ಮೆಶ್ಶು ಮತ್ತು ಸೊಳ್ಳೆಗಳ ಹೊಸ ದಾರಿ

ಎರಡು ವಾರದ ಹಿಂದೆ ಊರಿಗೆ ಹೋಗಿದ್ದೆ. ನಮ್ಮೂರು ಬಸವಾಪಟ್ಟಣ, ಚನ್ನಗಿರಿ ತಾಲ್ಲೂಕು. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ ಎಲ್ಲಾ ಇರೋ ಸೀಮೆ ಅಂದ್ಮೇಲೆ ಸೊಳ್ಳೆಗಳ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಸಂಜೆ ಆರೂವರೆಗೆ ಬಾಗಿಲು ಹಾಕದಿದ್ರೆ ಮುಗೀತು ಕಥೆ.

ಈ ಸಲ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಪಾಪುಗೆ ಇಪ್ಪತ್ತೆರಡು ದಿನ. ಕಾಯಿಲ್ ಹಚ್ಚೋ ಹಾಗಿಲ್ಲ, ಹೊಗೆ ಮಗೂಗೆ ಆಗಲ್ಲ ಅಂತ ಅಮ್ಮನ ಕಟ್ಟಪ್ಪಣೆ. ಆದ್ರೆ ಆ ರೂಮಿನ ಪಡುವಣ ಕಿಟಕಿಯ ಮೆಶ್ಶು ಹೊಟ್ಟೆ ಬಿಟ್ಕೊಂಡು ಜೋತು ಬಿದ್ದಿತ್ತು. ಕೆಳಗಿನ ಮೂಲೆ ಬಿಚ್ಚಿಹೋಗಿ, ಮಧ್ಯೆ ಬೆಕ್ಕಿನ ಉಗುರಿಗೆ ಉದ್ದಕ್ಕೆ ಹರಿದಿತ್ತು. ಮಗುವಿನ ಕೆನ್ನೆ ಮೇಲೆ ಮೂರು ಕೆಂಪು ಗುಳ್ಳೆ.

“ಬೆಂಗಳೂರಲ್ಲಿ ಅದೇನೋ ಸಾಫ್ಟ್‌ವೇರ್ ಮಾಡ್ತೀಯಂತೆ, ಒಂದು ಮೆಶ್ ಹಾಕಕ್ಕೆ ಬರಲ್ವೇನೋ ನಿಂಗೆ?” ಅಂದಳು ಅಕ್ಕ. ಇಂಜಿನಿಯರಿಂಗ್ ಓದಿದವನಿಗೆ ಹೀಗಂದ್ರೆ ಸುಮ್ನಿರಕ್ಕಾಗತ್ತಾ? ಎದ್ದೆ.

ನಮ್ಮ ಕಿಟಕಿಯ ಬಾಗಿಲುಗಳು ಹೊರಕ್ಕೆ ತೆಗೆಯೋವು. ಒಳಗಡೆ ಮರದ ಚೌಕಟ್ಟಿನೊಳಗೆ ಸರಿಯಾಗಿ ಕೂರೋ ಹಾಗೆ ಅಲ್ಯೂಮಿನಿಯಂ ಫ್ರೇಮು, ಸುತ್ತ ತಿರುಗಿಸೋ ನಾಲ್ಕು ಕ್ಲಿಪ್ಪು. ಕ್ಲಿಪ್ ತಿರುಗಿಸಿದ್ರೆ ಫ್ರೇಮು ಕೈಗೆ ಬರುತ್ತೆ. ಫ್ರೇಮಿನ ಒಂದು ಮುಖದಲ್ಲಿ ಸುತ್ತಲೂ ಕಾಲುವೆಯಂಥ ಒಂದು ಗಾಡಿ. ಮೆಶ್ಶಿನ ಅಂಚನ್ನು ಅದರ ಮೇಲಿಟ್ಟು, ರಬ್ಬರ್ ದಾರವನ್ನು ಒತ್ತಿ ಕೂರಿಸಿರ್ತಾರೆ. ಈ ದಾರಕ್ಕೆ ಸ್ಪ್ಲೈನ್ ಅಂತ ಹೆಸರು. ಅಂಗಡೀಲಿ ‘ಮೆಶ್ ರಬ್ಬರ್’ ಅಂದ್ರೆ ಸಾಕು. ಅಂಟಿಲ್ಲ, ಮೊಳೆ ಇಲ್ಲ. ಇಡೀ ಮೆಶ್ಶು ನಿಂತಿರೋದು ಆ ದಾರದ ಬಿಗಿಯ ಮೇಲೆ.

ಹಳೇ ರಬ್ಬರನ್ನ ಸ್ಕ್ರೂಡ್ರೈವರಲ್ಲಿ ಎಬ್ಬಿಸಿದರೆ ಒಣ ನೂಡಲ್ಸ್ ಥರ ಪಟಪಟ ಮುರೀತು. ಮೆಶ್ಶು ಜೋತು ಬೀಳಕ್ಕೆ ಕಾರಣ ಅಲ್ಲೇ ಗೊತ್ತಾಯ್ತು. ಪಡುವಣ ಬಿಸಿಲಿಗೆ ರಬ್ಬರು ಗಟ್ಟಿಯಾಗಿ, ಸಣ್ಣಗಾಗಿ, ಹಿಡಿತ ಬಿಟ್ಟಿತ್ತು. ಅಂದ್ರೆ ಹರಿದ ಜಾಗಕ್ಕೆ ತೇಪೆ ಹಾಕಿದ್ರೂ ಉಪಯೋಗ ಇರಲಿಲ್ಲ. ಹಳೇ ರಬ್ಬರನ್ನೇ ಮತ್ತೆ ಹಾಕೋದಂತೂ ಇನ್ನೂ ದಂಡ.

ಫ್ರೇಮು 24 ಇಂಚು ಅಗಲ, 42 ಇಂಚು ಎತ್ತರ. ಮೆಶ್ಶು ಸುತ್ತ ಎರಡೆರಡು ಇಂಚು ಹೆಚ್ಚಿಗೆ ಬೇಕು, ಅಂದ್ರೆ 28ಕ್ಕೆ 46. ನಾಲ್ಕಡಿ ಅಗಲದ ಫೈಬರ್ ಮೆಶ್ಶಿನ ರೋಲಿಂದ ಐದಡಿ ತಗೊಂಡೆ, ಎರಡು ತುಂಡು ಆಗುತ್ತೆ, ಇನ್ನೊಂದು ಕಿಟಕಿಗೂ ಇರಲಿ ಅಂತ. ರಬ್ಬರ್ ಸುತ್ತಳತೆಗೆ 11 ಅಡಿ, ನಾನು 12 ತಗೊಂಡೆ. ಹಳೇ ರಬ್ಬರನ್ನ ಅಳತೆಗೆ ತಗೊಂಡು ಹೋಗಬೇಡಿ ಮಾರಾಯ್ರೆ, ಅದು ಕುಗ್ಗಿರುತ್ತೆ. ನಾನು 4 ಮತ್ತು 5 ಮಿಲಿಮೀಟರಿನ ಒಂದೊಂದು ಗೇಣು ತುಂಡು ತಂದು, ಮೆಶ್ಶಿನ ಚೂರಿನ ಜೊತೆ ಒತ್ತಿ ನೋಡಿದೆ. 4 ಬೆರಳಿಂದ ಎಳೆದರೆ ಬಂತು. 5 ಒತ್ತಿದ್ರೆ ಮಾತ್ರ ಕೂತು, ಉಗುರಿಗೆ ಎದ್ದು ಬರಲಿಲ್ಲ. ಅದೇ ನಮ್ಮದು.

ಇಷ್ಟೆಲ್ಲಾ ಸರಿಯಾಗೇ ಮಾಡಿದೆ. ಆಮೇಲೆ ಬುದ್ಧಿ ಉಪಯೋಗಿಸಿದೆ ನೋಡಿ!

ಜೋತು ಬೀಳಬಾರದು ಅಂದ್ರೆ ಬಿಗಿಯಾಗಿ ಎಳೀಬೇಕು ಅನ್ನೋದು ನನ್ನ ಲಾಜಿಕ್ಕು. ಅಕ್ಕನ ಕೈಲಿ ಒಂದು ಕಡೆ ಹಿಡಿಸಿ, ಈ ಕಡೆಯಿಂದ ನಾನು ಎಳೆದು, ಬಟ್ಟೆ ಕ್ಲಿಪ್ ಹಾಕಿ ರಬ್ಬರ್ ಒತ್ತಿದೆ. ಮೆಶ್ಶು ಡೋಲಿನ ಹಾಗೆ ಟಣ್ ಅಂತಿತ್ತು. ಅಮ್ಮನಿಗೆ ಬಾರಿಸಿ ತೋರಿಸಿದೆ. ಅವತ್ತು ರಾತ್ರಿ ಮೊದಲಿನಷ್ಟೇ ಸೊಳ್ಳೆ!

ಅಕ್ಕ ಬೈಯೋ ಮೊದಲೇ ಲೈಟ್ ಆರಿಸಿ, ಹೊರಗಡೆಯಿಂದ ಕಿಟಕಿ ಮೇಲೆ ಟಾರ್ಚ್ ಬಿಡಕ್ಕೆ ಅಪ್ಪನಿಗೆ ಹೇಳಿದೆ. ಫ್ರೇಮಿನ ಎರಡೂ ಪಕ್ಕ, ಸರಿಯಾಗಿ ಮಧ್ಯದಲ್ಲಿ, ಬಾಳೆಕಾಯಿ ಆಕಾರದ ಬೆಳಕಿನ ಗೆರೆ. ಟೇಪ್ ಹಿಡಿದರೆ ಮೇಲೆ ಕೆಳಗೆ 24 ಇಂಚು, ನಡುವೆ ಇಪ್ಪತ್ಮೂರೂವರೆಗಿಂತ ಒಂದು ಗೆರೆ ಜಾಸ್ತಿ. ಪಕ್ಕಕ್ಕೆ ಐದು ಮಿಲಿಮೀಟರ್ ಸಂದಿ. ಮೆಶ್ಶಿನ ಕಣ್ಣು ಒಂದೂವರೆ ಮಿಲಿಮೀಟರೂ ಇರಲ್ಲ, ನಾನು ಪಕ್ಕದಲ್ಲಿ ರಾಜಬೀದಿಯನ್ನೇ ಬಿಟ್ಟುಕೊಟ್ಟಿದ್ದೆ.

ಬೆಳಗ್ಗೆ ಫ್ರೇಮು ಹೊತ್ಕೊಂಡು ಅಲ್ಯೂಮಿನಿಯಂ ಕೆಲಸ ಮಾಡೋ ಹಿರಿಯರೊಬ್ಬರ ಹತ್ರ ಹೋದೆ. ನೋಡಿದ ಕೂಡ್ಲೇ ನಕ್ಕರು.

“ಎಳೆದೀಯೇನಪ್ಪಾ?”

“ಹೂಂ ಅಣ್ಣಾ, ಜೋತು ಬೀಳಬಾರದು ಅಂತ.”

“ನೀನ್ಯಾಕೆ ಎಳೀತೀಯ? ರಬ್ಬರು ಗಾಡಿಯೊಳಕ್ಕೆ ಇಳೀವಾಗ ಮೆಶ್ಶನ್ನ ತಾನೇ ಎಳಕೊಂತೈತೆ. ನೀನೂ ಎಳೆದು ಅದೂ ಎಳೆದ್ರೆ ಫ್ರೇಮು ಎಲ್ಲಿಗೆ ಹೋಗ್ಬೇಕು?”

ಅಷ್ಟೇ ಸಾರ್ ವಿಷಯ. ನಾಲ್ಕೂ ಕಡೆ ರಬ್ಬರು ಗಾಡಿಯ ಆಳದಷ್ಟು ಮೆಶ್ಶನ್ನ ಒಳಕ್ಕೆ ಎಳಕೊಳ್ಳುತ್ತೆ, ಬಿಗಿ ಬರೋದು ಅದರಿಂದ. ಅವರು ರಬ್ಬರ್ ಕಿತ್ತ ತಕ್ಷಣ ಫ್ರೇಮು ಮತ್ತೆ ನೆಟ್ಟಗಾಯ್ತು. ಮಡಿಕೆ ಬಿದ್ದಿದ್ದ ಆ ಮೆಶ್ಶು ಹೋಯ್ತು, ಇನ್ನೊಂದು ತುಂಡು ಕೆಲಸಕ್ಕೆ ಬಂತು.

ಅವರು ಮಾಡಿದ್ದು ಹೀಗೆ. ಫ್ರೇಮನ್ನ ಸಮ ನೆಲದ ಮೇಲೆ ಮಲಗಿಸಿ, ಉದ್ದದ ಎರಡು ಪಟ್ಟಿಗಳ ನಡುವೆ, ಸರಿಯಾಗಿ ಮಧ್ಯಕ್ಕೆ, ಒಳಅಳತೆಗೆ ಕತ್ತರಿಸಿದ ಒಂದು ತೆಳು ರೀಪರ್ ತುಂಡು ಅಡ್ಡ ಇಟ್ಟರು, ಪಟ್ಟಿ ಒಳಕ್ಕೆ ಬಾಗದಿರಲಿ ಅಂತ. ಮೆಶ್ಶನ್ನ ಮೇಲೆ ಸುಮ್ಮನೆ ಹಾಸಿ, ಅದರ ಎಳೆಗಳು ಫ್ರೇಮಿಗೆ ನೇರವಾಗಿರೋ ಹಾಗೆ ಸರಿಸಿದರು. ಒಂದು ಮೂಲೆಯಿಂದ ಶುರು ಮಾಡಿ ಉದ್ದದ ಪಟ್ಟಿಗೆ ರಬ್ಬರ್ ಇಟ್ಟು, ಮಧ್ಯೆ ಗೆರೆ ಇರೋ ಸಣ್ಣ ಚಕ್ರದ ರೋಲರಿಂದ ಗಿಡ್ಡ ಗಿಡ್ಡ ಒತ್ತಡದಲ್ಲಿ ಇಳಿಸಿದರು. (ನಾನು ಸ್ಕ್ರೂಡ್ರೈವರ್ ಬಳಸಿ ಎರಡು ಕಡೆ ಮೆಶ್ಶು ಕುಯ್ದಿದ್ದೆ.) ಮೂಲೆಯಲ್ಲಿ ಮೆಶ್ಶಿನ ತುದಿಯನ್ನ ಓರೆಯಾಗಿ ಕತ್ತರಿಸಿ ದಪ್ಪ ಆಗದ ಹಾಗೆ ನೋಡಿಕೊಂಡರು. ಮೂರನೇ, ನಾಲ್ಕನೇ ಕಡೆ ಬಂದಾಗ ಅಂಗೈಯಿಂದ ಸವರಿದ್ದು ಬಿಟ್ಟರೆ ಎಳೆದದ್ದೇ ಇಲ್ಲ. ಕೊನೆಗೆ ಬ್ಲೇಡಿನ ಬಾಯಿ ಹೊರಗಡೆ ಇರೋ ಹಾಗೆ ಹಿಡಿದು ರಬ್ಬರಿನ ಹೊರಮಗ್ಗುಲಲ್ಲಿ ಹೆಚ್ಚುವರಿ ಮೆಶ್ಶು ಕೊಯ್ದರು. ರೀಪರ್ ತೆಗೆದು ಟೇಪ್ ಹಿಡಿದ್ರೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆ 24. ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರ್ತಿತ್ತು. ಟಣ್ ಅನ್ನಲಿಲ್ಲ. ಅನ್ನಬಾರದಂತೆ!

ರಾತ್ರಿ ಮತ್ತೆ ಟಾರ್ಚ್ ಪರೀಕ್ಷೆ. ಎಲ್ಲೂ ಬೆಳಕಿಲ್ಲ.

ಹಾಗಂತ ಸೊಳ್ಳೆ ಪೂರ್ತಿ ಹೋಯ್ತು ಅಂತಲ್ಲ. ಬಾಗಿಲು ತೆಗೆದಾಗ ಒಂದೆರಡು ಬರ್ತಾವೆ, ಅದಕ್ಕೆ ಪಾಪುಗೆ ಸೊಳ್ಳೆ ಪರದೆ ಇದೆ. ಡೆಂಗಿ ಹರಡೋ ಸೊಳ್ಳೆ ಕಚ್ಚೋದು ಹಗಲಲ್ಲಿ, ಅದು ಹುಟ್ಟೋದು ಹಿತ್ತಲಿನ ಮುಚ್ಚದ ಡ್ರಮ್ಮಿನ ನೀರಲ್ಲಿ. ಅದಕ್ಕೂ ಅಪ್ಪ ಮುಚ್ಚಳ ಮಾಡಿಸಿದರು. ಮತ್ತೆ ಫೈಬರ್ ಮೆಶ್ಶು ಬೆಕ್ಕಿಗೆ ತಡೆಯಲ್ಲ. ಬೆಕ್ಕಿನ ಕಾಟ ಇರೋರು ಸ್ಟೀಲ್ ಮೆಶ್ಶೇ ಹಾಕಿಸಿ. ನಾವು ಸದ್ಯಕ್ಕೆ ಕಿಟಕಿ ಕೆಳಗಿದ್ದ ಮಂಚ ಸರಿಸಿದ್ದೀವಿ, ಅದಕ್ಕೆ ಹತ್ತೋ ಜಾಗ ಇರಬಾರದು ಅಂತ.

ಭಾನುವಾರ ರಾತ್ರಿ ಬಸ್ಸಿಗೆ ಹೊರಡೋವಾಗ ಪಾಪು ಕೆನ್ನೆ ನೋಡಿದೆ. ಹಳೇ ಮೂರು ಗುಳ್ಳೆ ಮಾಸ್ತಾ ಇದ್ವು, ಹೊಸದು ಒಂದೂ ಇರಲಿಲ್ಲ. “ಪರವಾಗಿಲ್ಲ ಕಣೋ, ಎರಡನೇ ಸಲಕ್ಕೆ ಬಂತು” ಅಂದಳು ಅಕ್ಕ. ನನ್ನ ಮ್ಯಾನೇಜರ್ ಕೂಡ ಇಷ್ಟು ಒಳ್ಳೆ ಅಪ್ರೈಸಲ್ ಕೊಟ್ಟಿಲ್ಲ.

ನಿಮ್ಮನೆ ಮೆಶ್ಶು ಹೇಗಿದೆ? ಇವತ್ತು ರಾತ್ರಿ ಲೈಟ್ ಆರಿಸಿ ಟಾರ್ಚ್ ಬಿಟ್ಟು ನೋಡಿ, ಬಾಳೆಕಾಯಿ ಕಂಡ್ರೆ ಇಲ್ಲಿ ಬಂದು ಹೇಳಿ :)