ಬೆಲೆ ಏರಿದರೆ ಮರಕ್ಕೇನಂತೆ?

ಮೇ ತಿಂಗಳು ಬಂತೆಂದರೆ ಭರಮಸಾಗರದ ಚಹಾದಂಗಡಿಗಳಲ್ಲಿ ಮಾತಿಗೆ ವಿಷಯ ಎರಡೇ: ಮಳೆ ಮತ್ತು ಮಾವಿನಹಣ್ಣಿನ ರೇಟು. ಮಳೆ ಬಾರದಿದ್ದರೆ ಬೈಯಲು ಯಾರೂ ಸಿಗುವುದಿಲ್ಲ. ರೇಟಿಗಾದರೆ ದಲ್ಲಾಳಿ ಇದ್ದಾನೆ, ಸರ್ಕಾರ ಇದೆ, ಕೊನೆಗೆ ಬೆಳೆದವನೂ ಇದ್ದಾನೆ. ಹಾಗಾಗಿ ಮಳೆಯ ಮಾತು ಐದು ನಿಮಿಷಕ್ಕೆ ಮುಗಿದರೆ ಹಣ್ಣಿನ ಮಾತು ಎರಡನೇ ಚಹಾವನ್ನೂ ನುಂಗುತ್ತದೆ.

"ಬಾದಾಮಿ ಕೇಜಿಗೆ ನೂರೈವತ್ತಂತೆ! ಇಷ್ಟು ರೇಟ್ ಬಂದ್ಮೇಲೂ ಬೆಳೆಯೋರು ಜಾಸ್ತಿ ಬೆಳೆಯಲ್ಲ ಅಂದ್ರೆ ಏನರ್ಥ ಸಾರ್?" ಎಂದು ಒಬ್ಬರು ನನ್ನನ್ನೇ ಕೇಳಿದರು. ಅರ್ಥಶಾಸ್ತ್ರ ಪಾಠ ಹೇಳಿದವನು ಎಂಬ ಕಾರಣಕ್ಕೆ ಊರಿನ ಎಲ್ಲ ರೇಟುಗಳಿಗೂ ನಾನೇ ಜವಾಬ್ದಾರ. ನಾನು ಬಾಯಿ ತೆರೆಯುವ ಮೊದಲೇ ಹೊಳಲ್ಕೆರೆ ಕಡೆಯ ತೋಟದವರೊಬ್ಬರು ಉತ್ತರ ಕೊಟ್ಟರು: "ಏನ್ ಮಾಡೋದ್ರಿ, ರೇಟ್ ನೋಡ್ಕೊಳ್ಳಿ ಅಂತ ಮರಕ್ಕೆ ಮೊಬೈಲ್ ಕೊಡಿಸಿಲ್ವಲ್ಲ."

ಪಿಯುಸಿ ಪುಸ್ತಕದಲ್ಲಿ ಪೂರೈಕೆಯ ಸ್ಥಿತಿಸ್ಥಾಪಕತ್ವ ಎಂಬ ಪಾಠ ಇದನ್ನೇ ಹೇಳುತ್ತದೆ, ಆದರೆ ನಗು ಬರುವಂತೆ ಹೇಳುವುದಿಲ್ಲ. ಬೆಲೆ ಶೇಕಡ ಇಷ್ಟು ಏರಿದರೆ ಮಾರುಕಟ್ಟೆಗೆ ಬರುವ ಸರಕು ಶೇಕಡ ಎಷ್ಟು ಏರುತ್ತದೆ ಎಂದು ನೋಡಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸುವುದು. ಉತ್ತರ ಒಂದಕ್ಕಿಂತ ಹೆಚ್ಚಾದರೆ ಪೂರೈಕೆ ಬೆಲೆಗೆ ಚೆನ್ನಾಗಿ ಕಿವಿಗೊಡುತ್ತದೆ, ಸೊನ್ನೆಯ ಹತ್ತಿರ ಇದ್ದರೆ ಅದಕ್ಕೆ ಕಿವಿಯೇ ಇಲ್ಲ. ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ದೊಡ್ಡ ಗ್ರಂಥದಲ್ಲಿ ಇದಕ್ಕೊಂದು ಮುಖ್ಯ ತಿದ್ದುಪಡಿ ಕೊಟ್ಟರು: ಎಷ್ಟು ಕಾಲದೊಳಗೆ ಎಂದು ಮೊದಲು ಹೇಳಿ, ಆಮೇಲೆ ಲೆಕ್ಕ ಮಾಡಿ. ಅವರು ತೆಗೆದುಕೊಂಡದ್ದು ಮೀನಿನ ಉದಾಹರಣೆ. ಈ ದಿನ ದಡಕ್ಕೆ ಬಂದಿರುವ ಮೀನು ಎಷ್ಟಿದೆಯೋ ಅಷ್ಟೇ. ಕೆಲವು ತಿಂಗಳು ಸಿಕ್ಕರೆ ಇರುವ ದೋಣಿಗಳನ್ನೇ ಹೆಚ್ಚು ಹೊತ್ತು ಓಡಿಸಬಹುದು. ಕೆಲವು ವರ್ಷ ಸಿಕ್ಕರೆ ಹೊಸ ದೋಣಿ ಕಟ್ಟಬಹುದು. ಮಾರ್ಷಲ್ ಸಾಹೇಬರು ನಮ್ಮ ಕಡೆ ಹುಟ್ಟಿದ್ದರೆ ಮೀನಿನ ತಂಟೆಗೆ ಹೋಗುತ್ತಿರಲಿಲ್ಲ, ಒಂದು ಕಡೆ ಈರುಳ್ಳಿ, ಇನ್ನೊಂದು ಕಡೆ ಮಾವು ಇಟ್ಟುಕೊಂಡು ಪಾಠ ಮುಗಿಸುತ್ತಿದ್ದರು.

ಈರುಳ್ಳಿಯನ್ನೇ ಮೊದಲು ನೋಡೋಣ, ಚಿತ್ರದುರ್ಗ ಸೀಮೆಯವರಿಗೆ ಅದರ ಗಾಟು ಹೊಸದೇನಲ್ಲ. ಮುಂಗಾರಿಗೆ ಬಿತ್ತಿದರೆ ನಾಲ್ಕು ತಿಂಗಳಿಗೆ ಕೀಳಬಹುದು. ಹೋದ ಸಲ ಒಳ್ಳೆ ರೇಟು ಸಿಕ್ಕಿತೆಂದರೆ ಒಂದೆಕರೆ ಹಾಕಿದ್ದವನು ಈ ಸಲ ಮೂರೆಕರೆ ಹಾಕುತ್ತಾನೆ, ಮೆಕ್ಕೆಜೋಳ ಹಾಕಬೇಕೆಂದಿದ್ದ ಪಕ್ಕದವನೂ ಈರುಳ್ಳಿ ಬೀಜ ತರುತ್ತಾನೆ. ಎಲ್ಲರ ಗಡ್ಡೆಯೂ ಒಂದೇ ಸಲ ಯಶವಂತಪುರದ ಮಂಡಿಗೆ ಹೋಗಿ ಬೀಳುತ್ತದೆ, ರೇಟು ಪಾತಾಳ ಸೇರುತ್ತದೆ. ಮುಂದಿನ ವರ್ಷ ಯಾರೂ ಹಾಕುವುದಿಲ್ಲ, ರೇಟು ಮತ್ತೆ ಏರುತ್ತದೆ. ಈ ಸುತ್ತಾಟಕ್ಕೆ ನಿಕೋಲಸ್ ಕಾಲ್ಡರ್ 1934ರಲ್ಲಿ ಜೇಡರ ಬಲೆಯ ಹೆಸರಿಟ್ಟರು. ಈರುಳ್ಳಿ ಬೆಳೆಗಾರ ಬೆಲೆಯ ಮಾತನ್ನು ಬೇಗ ಕೇಳಿಸಿಕೊಳ್ಳುತ್ತಾನೆ, ಅವನ ಕಷ್ಟವೇ ಅದು.

ಮಾವಿನ ಕಷ್ಟ ಬೇರೆ. ಮೇ ತಿಂಗಳ ಹಣ್ಣಿನ ಲೆಕ್ಕವನ್ನು ಮರ ಬರೆಯಲು ಕೂರುವುದು ಹಿಂದಿನ ಮುಂಗಾರಿನಲ್ಲಿ. ಫಸಲು ಇಳಿದ ಮೇಲೆ ಮಳೆ ಬಿದ್ದು ಹೊಸ ಚಿಗುರು ಬರಬೇಕು, ಆ ಚಿಗುರು ತಿಂಗಳುಗಟ್ಟಲೆ ಬಲಿಯಬೇಕು. ಬಲಿತ ರೆಂಬೆಗೆ ಡಿಸೆಂಬರ್, ಜನವರಿಯ ಒಣ ಹವೆ, ರಾತ್ರಿಯ ಚಳಿ ತಾಗಿದರೆ ತುದಿಯಲ್ಲಿ ಹೂ ಬರುತ್ತದೆ. ಆ ಹೊತ್ತಿಗೆ ಅಕಾಲದ ಮಳೆ ಹಿಡಿದುಕೊಂಡರೆ ಮರ ಹೂವನ್ನು ಮರೆತು ಎಲೆಗೆ ಕೂರುತ್ತದೆ. ಹೂ ಬಂದರೂ ಭರವಸೆಯಿಲ್ಲ. ಒಂದೊಂದು ಗೊಂಚಲಿನಲ್ಲಿ ನೂರಾರು, ಕೆಲವು ಸಲ ಸಾವಿರ ದಾಟಿದ ಹೂ ಇರುತ್ತವೆ, ಅವುಗಳಲ್ಲಿ ಬಹುಪಾಲು ಗಂಡು ಹೂ, ಕಾಯಿ ಕಟ್ಟುವಂಥವಲ್ಲ. ಕಟ್ಟಬಲ್ಲವುಗಳಲ್ಲೂ ನೂರಕ್ಕೆ ಒಂದು ಹಣ್ಣಾಗುವವರೆಗೆ ನಿಲ್ಲುವುದು ಕಷ್ಟ. ನಡುವೆ ಜಿಗಿಹುಳು ರಸ ಹೀರುತ್ತದೆ, ಬೂದಿರೋಗ ಹೂವನ್ನು ಸುಡುತ್ತದೆ, ಏಪ್ರಿಲ್ ಗಾಳಿಗೆ ಮಿಡಿ ಉದುರುತ್ತದೆ. ಇದೆಲ್ಲ ದಾಟಿ ಮೂರು, ನಾಲ್ಕು ತಿಂಗಳಿಗೆ ಕಾಯಿ ಬಲಿಯುವಾಗ ಮಂಡಿಯಲ್ಲಿ ರೇಟು ಹುಟ್ಟುತ್ತದೆ. ಆಗ ರೇಟು ಎಷ್ಟೇ ಕೂಗಿದರೂ ಮರದಲ್ಲಿ ಇನ್ನೊಂದು ಕಾಯಿ ಹುಟ್ಟುವುದಿಲ್ಲ.

ಚಹಾದಂಗಡಿಯಲ್ಲಿ ನಾನು ಲೆಕ್ಕ ಹಾಕಿ ತೋರಿಸಿದ್ದು ಹೀಗೆ. ಎರಡೆಕರೆ ತೋಟ ಎಂದಿಟ್ಟುಕೊಳ್ಳಿ. ಹಳೇ ಪದ್ಧತಿಯಂತೆ ಹತ್ತು ಮೀಟರಿಗೊಂದು ಗಿಡ, ಎಕರೆಗೆ 40, ಒಟ್ಟು 80 ಮರ. ಮರಕ್ಕೆ 50 ಕೇಜಿಯಂತೆ ನಾಲ್ಕು ಟನ್. ಬೆಲೆ ಕೇಜಿಗೆ 30ರಿಂದ 60ಕ್ಕೆ ಹಾರಿತು, ಅಂದರೆ ಶೇಕಡ 100 ಏರಿಕೆ. ತೋಟದವನು ಏನು ಮಾಡಬಲ್ಲ? ಬೋರ್ ಇದ್ದರೆ ನೀರು ಬಿಟ್ಟು ಕಾಯಿಯನ್ನು ಕೊಂಚ ದಪ್ಪ ಮಾಡಬಹುದು. ದೋಟಿಗೆ ಸಿಗದೆ ಬಿಡುತ್ತಿದ್ದ ಮೇಲಿನ ಕೊಂಬೆಗೂ ಆಳು ಹತ್ತಿಸಬಹುದು. ಕೀಳುವಾಗ ಕಾಯಿ ನೆಲಕ್ಕೆ ಬೀಳದಂತೆ ನೋಡಿಕೊಂಡರೆ ಹಾಳಾಗುವುದು ಕಡಿಮೆ. ಎಲ್ಲ ಸೇರಿ ಇನ್ನೂರು ಕೇಜಿ ಹೆಚ್ಚು ಸಿಕ್ಕಿತು ಎನ್ನೋಣ, ಅದು ಶೇಕಡ 5. ಐದನ್ನು ನೂರರಿಂದ ಭಾಗಿಸಿದರೆ 0.05. ಇದಕ್ಕೂ ಮೀರಿ ಆಸೆಪಟ್ಟವನು ಬಲಿಯದ ಕಾಯಿಯನ್ನೇ ಕಿತ್ತು ಕಾರ್ಬೈಡ್ ಪುಡಿ ಹಾಕಿ ಹಳದಿ ಮಾಡುತ್ತಾನೆ. ಅದು ಕಾನೂನಿಗೆ ವಿರುದ್ಧ. ಅರ್ಥಶಾಸ್ತ್ರದ ಲೆಕ್ಕದಲ್ಲೂ ಅದು ಪೂರೈಕೆ ಹೆಚ್ಚಿಸಿದಂತಲ್ಲ, ಜೂನ್ ತಿಂಗಳ ಹಣ್ಣನ್ನು ಮೇ ತಿಂಗಳಿಗೆ ಕದ್ದು ತಂದಂತೆ.

"ಅಷ್ಟೂ ನಮಗೆಲ್ಲಿ ಸಾರ್? ತೋಟ ಜನವರೀಲೇ ಗುತ್ತಿಗೆ ಹೋಯ್ತು" ಎಂದರು ಹೊಳಲ್ಕೆರೆಯವರು. ಇದು ಪುಸ್ತಕಗಳಲ್ಲಿ ಬಾರದ ಸೂಕ್ಷ್ಮ. ಹೂ ನೋಡಿಯೇ ವ್ಯಾಪಾರಿ ಇಡೀ ಫಸಲಿಗೆ ಇಷ್ಟು ಎಂದು ಮಾತಾಡಿ ಮುಂಗಡ ಕೊಟ್ಟುಬಿಡುತ್ತಾನೆ. ಕೆಲವರು ಎರಡು, ಮೂರು ವರ್ಷಕ್ಕೇ ಬರೆದುಕೊಡುತ್ತಾರೆ. ಔಷಧಿ ಹೊಡೆಸುವುದು, ಕಾವಲು ಕಾಯಿಸುವುದು, ಕೀಳಿಸುವುದು ಎಲ್ಲ ಗುತ್ತಿಗೆದಾರನದು. ಮೇ ತಿಂಗಳ ಏರಿದ ಬೆಲೆ ಅವನ ಜೇಬಿಗೆ ಹೋಗುತ್ತದೆ, ಮರ ಸಾಕುವವನು ಪತ್ರಿಕೆಯಲ್ಲಿ ಓದುತ್ತಾನೆ. ಬರುವ ವರ್ಷದ ಫಸಲಿಗೆ ಗೊಬ್ಬರ ಹಾಕಬೇಕಾದವನು ಯಾರೋ, ಬೆಲೆಯ ಸುದ್ದಿ ತಲುಪಿದವನು ಇನ್ಯಾರೋ. ಪೂರೈಕೆ ನಿಧಾನವಾಗಲು ಮರದ ಸ್ವಭಾವ ಒಂದು ಕಾರಣವಾದರೆ ಈ ಕಾಗದ ಇನ್ನೊಂದು.

ಹಾಗಾದರೆ ರೇಟು ಏರಿದಾಗ ಹೆದ್ದಾರಿ ಬದಿಯಲ್ಲಿ ಇಷ್ಟೊಂದು ಹಣ್ಣು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಲಾರಿಯಿಂದ ಬಂತು. ಬೆಂಗಳೂರು, ಪುಣೆ ರಸ್ತೆ ಊರ ಮೇಲೆಯೇ ಹಾದುಹೋಗುವಾಗ ನಮ್ಮಲ್ಲಿ ರೇಟು ಹೆಚ್ಚಿದರೆ ಬೇರೆಡೆಗೆ ಹೋಗುವ ಕ್ರೇಟುಗಳು ಇಲ್ಲೇ ಇಳಿಯುತ್ತವೆ. ಒಂದು ಊರಿನ ಪೂರೈಕೆ ಬೇಗ ಏರೀತು, ಇಡೀ ರಾಜ್ಯದ್ದು ಏರದು.

ಮುಂದಿನ ವರ್ಷಕ್ಕಾದರೂ ಏನಾದರೂ ಮಾಡಬಹುದೇ? ಸ್ವಲ್ಪ. ಮಳೆಗಾಲ ಮುಗಿಯುವ ಮೊದಲು ಬುಡಕ್ಕೆ ಪ್ಯಾಕ್ಲೋಬ್ಯುಟ್ರಜಾಲ್, ರೈತರ ಬಾಯಲ್ಲಿ ಕಲ್ಟಾರ್, ಹಾಕಿದರೆ ಚಿಗುರು ತಗ್ಗಿ ಹೂ ಹೆಚ್ಚುತ್ತದೆ. ಅಳತೆ ತಪ್ಪಿದರೆ ರೆಂಬೆ ಮುದುಡಿಕೊಂಡು ಮರ ಸೊರಗುತ್ತದೆ. ಮುದಿ ತೋಟವನ್ನು ಸವರಿ ಹೊಸ ಕೊಂಬೆ ಬರಿಸಬಹುದು, ಆದರೆ ಮೊದಲ ಒಂದೆರಡು ವರ್ಷ ಇರುವ ಫಸಲೂ ಹೋಗುತ್ತದೆ. ಹೆಚ್ಚು ಬೆಳೆಯಲು ಮೊದಲು ಕಡಿಮೆ ಬೆಳೆಯಬೇಕು! ಹೊಸದಾಗಿ ಕಸಿ ಸಸಿ ನೆಟ್ಟವನಂತೂ ನಾಲ್ಕೈದನೇ ವರ್ಷ ಮನೆಮಂದಿ ತಿನ್ನುವಷ್ಟು ಕಾಣುತ್ತಾನೆ, ಎಂಟು, ಹತ್ತನೇ ವರ್ಷಕ್ಕೆ ಲೆಕ್ಕಕ್ಕೆ ಸಿಗುವ ಫಸಲು. ಇಂದಿನ ಬೆಲೆ ನೋಡಿ ನೆಟ್ಟ ಗಿಡಕ್ಕೆ ಯಾವ ಬೆಲೆ ಸಿಗುತ್ತದೆ ಎಂದು ಇಂದು ಹೇಳಬಲ್ಲವರಿಲ್ಲ.

ಇಲ್ಲೊಂದು ಮೋಸದ ಲೆಕ್ಕವೂ ಇದೆ. 2023ರಲ್ಲಿ ರಾಜ್ಯಕ್ಕೆ ಬರ ಬಂತು, 2024ರ ಬೇಸಿಗೆ ಸುಟ್ಟಿತು, ಮಾವಿನ ಇಳುವರಿ ಕುಸಿದು ರೇಟು ಏರಿತು. 2025ರಲ್ಲಿ ಕಾಯಿ ಭರ್ತಿ ಬಂತು. ಅಂಕಿ ಮಾತ್ರ ನೋಡಿದವರು ಬೆಲೆ ಏರಿತು, ಮರುವರ್ಷವೇ ಪೂರೈಕೆ ಏರಿತು, ಮಾವಿನಷ್ಟು ಚುರುಕು ಯಾವುದಿದೆ ಎಂದಾರು. ಬೆಲೆ ನೋಡಿ ನೆಟ್ಟ ಗಿಡ ಒಂದೂ ಆ ಫಸಲಿನಲ್ಲಿ ಇರಲು ಸಾಧ್ಯವಿಲ್ಲ. ಬಾದಾಮಿಯಂಥ ತಳಿಗೆ ವರ್ಷ ಬಿಟ್ಟು ವರ್ಷ ಬಿಡುವ ಚಾಳಿ ಹುಟ್ಟಿನಿಂದ ಇದೆ: ಕಾಯಿ ಹೊತ್ತ ರೆಂಬೆ ಸಕಾಲಕ್ಕೆ ಚಿಗುರುವುದಿಲ್ಲ, ಚಿಗುರದ ರೆಂಬೆ ಮುಂದಿನ ಸಲ ಹೂ ಬಿಡುವುದಿಲ್ಲ. ಒಂದು ವರ್ಷ ಸುಮ್ಮನಿದ್ದ ಮರ ಮರುವರ್ಷ ಸಾಲ ತೀರಿಸುತ್ತದೆ. ನೀಲಂ, ತೋತಾಪುರಿ, ಮಲ್ಲಿಕಾಗಳಿಗೆ ಈ ಚಾಳಿ ಕಡಿಮೆ, ಆದರೂ ಮಳೆ ಚಳಿಯ ಹಂಗು ಅವಕ್ಕೂ ಇದೆ.

ಅದೇ 2025ರಲ್ಲಿ ತೋತಾಪುರಿಯ ಬೆಲೆ ಕುಸಿದು ಕೋಲಾರ, ಶ್ರೀನಿವಾಸಪುರದ ಕಡೆ ರೈತರು ಬೀದಿಗಿಳಿದರು. ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ಎಂದು ನಿಗದಿ ಮಾಡಿ ಎರಡೂವರೆ ಲಕ್ಷ ಟನ್ನಿಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಏರುವಾಗ ಕೇಳದ ಮರ ಇಳಿಯುವಾಗಲೂ ಕೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೆಲೆ ಅರ್ಧವಾದರೂ ಬಂದ ಕಾಯಿ ಬಂದೇ ಬರುತ್ತದೆ. ಕೀಳುವ ಕೂಲಿ, ಲಾರಿ ಬಾಡಿಗೆಗಿಂತ ಬೆಲೆ ಕೆಳಗಿಳಿದರೆ ಮಾತ್ರ ಮರದಲ್ಲೇ ಬಿಡುತ್ತಾರೆ. ಪೂರೈಕೆ ಬೆಲೆಗೆ ತಲೆಬಾಗುವುದು ಆ ತಳಮಟ್ಟದಲ್ಲಿ.

ಒಂದೇ ಒಂದು ದಾರಿಯಲ್ಲಿ ಮಾವಿನ ಪೂರೈಕೆ ಬಲು ಚುರುಕು, ಅದು ಗರಗಸದ ದಾರಿ. ತುಂಗಭದ್ರೆಯ ನೀರು ಏತದಿಂದ ಹತ್ತಿ 2021ರಲ್ಲಿ ಭರಮಸಾಗರದ ದೊಡ್ಡ ಕೆರೆಗೆ ಬಂದ ಮೇಲೆ ಸುತ್ತಲಿನವರ ಕಣ್ಣು ಅಡಿಕೆಯ ಮೇಲೆ ಬಿದ್ದಿದೆ. ಅಂತರ್ಜಲ ಏರಿದಲ್ಲೆಲ್ಲ ಅಡಿಕೆ ಸಸಿ. ಅಡಿಕೆಗೂ ಫಸಲಿಗೆ ಐದಾರು ವರ್ಷ ಕಾಯಬೇಕು, ಆದರೆ ಅದು ವರ್ಷ ಬಿಟ್ಟು ವರ್ಷ ಮುನಿಸಿಕೊಳ್ಳುವುದಿಲ್ಲ, ಒಣಗಿಸಿಟ್ಟರೆ ರೇಟು ಬರುವವರೆಗೆ ಕಾಯುತ್ತದೆ. ಮಾವು ಕಿತ್ತ ಮೇಲೆ ವಾರ, ಹತ್ತು ದಿನ. ಹಾಗಾಗಿ ಮಾವಿನ ಮರ ಕಡಿಯುವವರನ್ನು ನಾನು ಬೈಯಲಾರೆ. ಆದರೆ ಮೂವತ್ತು ವರ್ಷದ ಮರ ಒಂದು ಮಧ್ಯಾಹ್ನದಲ್ಲಿ ಉರುಳುತ್ತದೆ, ಮತ್ತೆ ಬೇಕೆಂದರೆ ಹತ್ತು ವರ್ಷ. ಇಳಿಯಲು ಅರ್ಧ ದಿನ, ಏರಲು ದಶಕ ಎಂಬ ಈ ವ್ಯತ್ಯಾಸವನ್ನು ಒಂದೇ ಗೆರೆ ಎಳೆದು ತೋರಿಸುವ ಪಠ್ಯಪುಸ್ತಕ ಹೇಳುವುದೇ ಇಲ್ಲ.

ಅಂದು ರೇಟು ಕೇಳಿದವರು ಕೊನೆಗೆ, "ಹಂಗಾರೆ ಬರೋ ವರ್ಷದ ರೇಟ್ ಯಾವಾಗ ಗೊತ್ತಾಗುತ್ತೆ ಸಾರ್?" ಎಂದರು. ಓದುಗರೂ ಕೇಳಿಸಿಕೊಳ್ಳಿ. ಜನವರಿ ಕೊನೆಗೆ ಹೊಳಲ್ಕೆರೆ ರಸ್ತೆಯಲ್ಲಿ ಹೋಗುವಾಗ ತೋಟಗಳ ಮೇಲ್ಭಾಗ ನೋಡಿ. ರೆಂಬೆಯ ತುದಿಯಲ್ಲಿ ತಾಮ್ರದ ಬಣ್ಣದ ಎಳೆ ಎಲೆ ಬಂದಿದ್ದರೆ ಆ ಮರದಲ್ಲಿ ಆ ವರ್ಷ ಕಾಯಿ ಕಡಿಮೆ. ಹೆಚ್ಚು ಮರಗಳು ಹಾಗಿದ್ದರೆ ಮೇ ತಿಂಗಳಲ್ಲಿ ಹಣ್ಣಿಗೆ ಹೆಚ್ಚು ದುಡ್ಡು ಎತ್ತಿಡಿ, ದಲ್ಲಾಳಿಯನ್ನು ಸ್ವಲ್ಪ ಕಡಿಮೆ ಬೈಯಿರಿ.