ಸಾಲಿನ ನಡುವೆ ನಿಲ್ಲುವ ಮನಸ್ಸು: ಮ್ಯಾಕ್‌ಬೆತ್‌ನ ಒಂದು ಸ್ವಗತದ ಲಯ

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳ ನಾಟಕ ಪ್ರಯೋಗವೊಂದಕ್ಕಾಗಿ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಒಂದು ಸ್ವಗತವನ್ನು ಕನ್ನಡಿಸಿದ್ದೆ. ಮೊದಲನೆಯ ಅಂಕದ ಏಳನೆಯ ದೃಶ್ಯದ ಆರಂಭದಲ್ಲಿ, ತನ್ನ ಕೋಟೆಗೆ ಅತಿಥಿಯಾಗಿ ಬಂದ ರಾಜ ಡಂಕನ್ನನನ್ನು ಕೊಲ್ಲಬೇಕೇ ಬೇಡವೇ ಎಂದು ಮ್ಯಾಕ್‌ಬೆತ್ ಒಬ್ಬನೇ ನಿಂತು ಆಡುವ ಮಾತು ಅದು. ನನ್ನ ಅನುವಾದ ಸರಳ ರಗಳೆಯಲ್ಲಿತ್ತು. ಮಾತ್ರೆಗಳಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ಅರ್ಥವನ್ನೂ ಬಿಟ್ಟಿರಲಿಲ್ಲ. ಆದರೆ ಎರಡನೆಯ ದಿನದ ತಾಲೀಮಿನಲ್ಲಿ ಆ ಪಾತ್ರ ವಹಿಸಿದ್ದ ಹುಡುಗ ಹಾಳೆಯನ್ನು ಕೆಳಗಿಟ್ಟು, "ಸರ್, ಇವನು ಯೋಚಿಸುತ್ತಿಲ್ಲ. ಎಲ್ಲ ಮೊದಲೇ ಯೋಚಿಸಿ ಮುಗಿಸಿ, ಈಗ ಬಂದು ನಮಗೆ ವರದಿ ಒಪ್ಪಿಸುತ್ತಿದ್ದಾನೆ" ಎಂದ. ಆ ಮಾತು ನನ್ನನ್ನು ಚುಚ್ಚಿತು. ಅದು ನಿಜವೆಂದು ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು. ಏಕೆ ನಿಜವೆಂದು ತಿಳಿಯಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಮೊದಲ ದೋಷ ನನ್ನ ಪಾಠದಲ್ಲೇ ಇತ್ತು. ಛಂದಸ್ಸನ್ನು ಕಲಿಸುವಾಗ ಇಂಗ್ಲಿಷಿನ ಐಯಾಂಬ್ ಎಂದರೆ 'ಒಂದು ಲಘು, ಒಂದು ಗುರು' ಎಂದು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ನೆನಪಿನಲ್ಲಿಡಲು ಅದು ಸುಲಭ, ಆದರೆ ತಪ್ಪು. ನಮ್ಮ ಲಘು-ಗುರುಗಳು ಉಚ್ಚಾರಣೆಯ ಕಾಲವನ್ನು ಅಳೆಯುತ್ತವೆ. ಇಂಗ್ಲಿಷಿನ ಸಾಲು ಅಳೆಯುವುದು ಒತ್ತನ್ನು. ಇದೇ ಸ್ವಗತದಲ್ಲಿ ಬರುವ 'ಪಿಟಿ' (ಕರುಣೆ) ಎಂಬ ಪದವನ್ನು ನೋಡಿ: ನಮ್ಮ ಲೆಕ್ಕದಲ್ಲಿ ಅದು ಎರಡು ಲಘು, ಇಂಗ್ಲಿಷ್ ಕಿವಿಗೆ ಮಾತ್ರ ಮೊದಲ ಅಕ್ಷರ ಒತ್ತುಳ್ಳದ್ದು, ಎರಡನೆಯದು ಒತ್ತಿಲ್ಲದ್ದು. ಐಯಾಂಬಿಕ್ ಪೆಂಟಾಮೀಟರ್ ಎಂದರೆ ಹತ್ತು ಅಕ್ಷರಗಳ ಸಾಲು. ಅದರಲ್ಲಿ ಬೆಸ ಸಂಖ್ಯೆಯ ಸ್ಥಾನಗಳು ದುರ್ಬಲ, ಸರಿ ಸಂಖ್ಯೆಯ ಸ್ಥಾನಗಳು ಪ್ರಬಲ. ಅಂತ್ಯಪ್ರಾಸವಿಲ್ಲದೆ ಈ ಸಾಲುಗಳು ಹರಿದರೆ ಅದೇ ಬ್ಲಾಂಕ್ ವರ್ಸ್.

ಈ ಮಾದರಿ ಒಂದು ನಿರೀಕ್ಷೆ ಮಾತ್ರ. ಮಾತಿನ ಸಹಜ ಒತ್ತು ಅದರೊಡನೆ ಎಲ್ಲಿ ಕೂಡುತ್ತದೆ, ಎಲ್ಲಿ ಜಗಳವಾಡುತ್ತದೆ ಎಂಬುದರಲ್ಲಿ ಸ್ವಗತದ ಜೀವವಿದೆ. ಆ ಸ್ವಗತದ ಮೊದಲ ಸಾಲು ಪೂರ್ತಿ ಏಕಾಕ್ಷರ ಪದಗಳಿಂದಾದದ್ದು. ಹತ್ತು ಪದ, ಹತ್ತು ಅಕ್ಷರ. 'ಮುಗಿದದ್ದು, ಮಾಡಿದ್ದು' ಎಂಬೆರಡೂ ಅರ್ಥ ಕೊಡುವ 'ಡನ್' ಎಂಬ ಪದ ಆ ಸಾಲಿನಲ್ಲಿ ಎರಡು ಬಾರಿ, ಮುಂದಿನ ಸಾಲಿನ ಆರಂಭದಲ್ಲಿ ಮತ್ತೊಮ್ಮೆ ಬರುತ್ತದೆ. ಮೊದಲ 'ಡನ್' ನಾಲ್ಕನೆಯ ಸ್ಥಾನದಲ್ಲಿದೆ, ಅದು ಪ್ರಬಲ. ಎರಡನೆಯ 'ಡನ್' ಏಳನೆಯ ಸ್ಥಾನದಲ್ಲಿದೆ, ಅದು ದುರ್ಬಲ. ಪದ ತನ್ನ ಅರ್ಥದ ಭಾರದಿಂದ ಒತ್ತನ್ನು ಕೇಳುತ್ತದೆ. ಸಾಲಿನ ಮಾದರಿಯಾದರೋ ಆ ಒತ್ತನ್ನು ಅದರ ಹಿಂದಿನ ಚಿಕ್ಕ ಕ್ರಿಯಾಪದದ ಮೇಲೆ ಇಡಲು ಹೇಳುತ್ತದೆ. ಹಾಗೆ ಇಟ್ಟರೆ ಅರ್ಥವೇ ಹರಿತವಾಗುತ್ತದೆ: ಕೆಲಸವನ್ನು ಮಾಡಿದಾಗ ಅದು ನಿಜವಾಗಿಯೂ ಮುಗಿದೇಹೋಗುವುದಾದರೆ ಎಂದು. ಕೊಲೆ ಕೊಲೆಯೊಂದಿಗೇ ಮುಗಿಯುತ್ತದೆಯೇ ಎಂಬುದು ಅವನ ಭಯ. ಆ ಭಯವನ್ನು ಛಂದಸ್ಸಿನ ಎಳೆದಾಟ ಮೊದಲ ಸಾಲಿನಲ್ಲೇ ಕೇಳಿಸುತ್ತದೆ. ನಟನು ಎರಡರಲ್ಲಿ ಯಾವುದನ್ನು ಒತ್ತಿದರೂ ಇನ್ನೊಂದರ ಎಳೆತ ಉಳಿದೇ ಇರುತ್ತದೆ.

ಎರಡನೆಯ ಸಾಲಿನಲ್ಲಿ ಅವನು ಆ ಕೃತ್ಯಕ್ಕೆ ಹೆಸರಿಡುತ್ತಾನೆ. ಅಲ್ಲಿಯವರೆಗೆ ಅದು ಬರಿಯ 'ಅದು'. ಈಗ 'ಅಸ್ಯಾಸಿನೇಷನ್' ಎಂಬ ಉದ್ದನೆಯ, ಲ್ಯಾಟಿನ್ ಕಡೆಯ ಪದ ಬರುತ್ತದೆ. ಏಕಾಕ್ಷರಗಳ ನಡುವೆ ಅದು ಎಡವಿಸುವಂತೆ ಬೀಳುತ್ತದೆ. ಅದರ ಕೊನೆಯ ಒತ್ತಿಲ್ಲದ ಅಕ್ಷರ ಹತ್ತರ ಮಿತಿಯನ್ನು ಮೀರಿ ಹನ್ನೊಂದನೆಯದಾಗಿ ಸಾಲಿನ ಆಚೆಗೆ ಚಾಚಿಕೊಳ್ಳುತ್ತದೆ. ಹೆಸರು ಹೇಳಿದ ಮೇಲೆ ಅವನು ನಿಲ್ಲಲಾರ. ವಾಕ್ಯ ಮುಂದಿನ ಸಾಲಿಗೆ ಓಡುತ್ತದೆ.

ನನ್ನ ಅನುವಾದ ಸೋತದ್ದು ಈ ಓಟದಲ್ಲಿಯೇ. ಮೂಲದ ಸ್ವಗತ ಇಪ್ಪತ್ತೆಂಟು ಸಾಲುಗಳದ್ದು, ಕೊನೆಯದು ಅರ್ಧ ಸಾಲು. ಅದರ ಮುಖ್ಯ ನಿಲುಗಡೆಗಳನ್ನು ಆ ರಾತ್ರಿ ಪೆನ್ಸಿಲಿನಲ್ಲಿ ಗುರುತಿಸಿದೆ. ಮಾತು ಮುಗಿದು ಹೊಸ ಯೋಚನೆ ಹುಟ್ಟುವ ಐದು ಜಾಗಗಳಿವೆ: 2, 7, 12, 16 ಮತ್ತು 25ನೆಯ ಸಾಲುಗಳು. ಐದರಲ್ಲಿ ಒಂದೂ ಸಾಲಿನ ಕೊನೆಯಲ್ಲಿಲ್ಲ. ಪ್ರತಿಯೊಂದೂ ಸಾಲಿನ ನಡುವೆ ಬರುತ್ತದೆ. ಪರಲೋಕದ ಯೋಚನೆ ಬಿಟ್ಟು ಈ ಲೋಕದ ನ್ಯಾಯದ ಕಡೆಗೆ ಅವನು ತಿರುಗುವುದು ಏಳನೆಯ ಸಾಲಿನ ನಡುವೆ. ನ್ಯಾಯದಿಂದ ಬಂಧುತ್ವ ಮತ್ತು ಆತಿಥ್ಯದ ಕಡೆಗೆ ತಿರುಗುವುದು ಹನ್ನೆರಡನೆಯದರ ನಡುವೆ. ಅಲ್ಲಿಂದ ಡಂಕನ್ನನ ಸದ್ಗುಣಗಳ ಕಡೆಗೆ ಹೊರಳುವುದು ಹದಿನಾರರ ನಡುವೆ. ಸಾಲು ಮುಗಿದಿಲ್ಲವಾದ್ದರಿಂದ ಅವನು ವಿಶ್ರಮಿಸುವಂತಿಲ್ಲ. ಉಳಿದ ಅರ್ಧವನ್ನು ತುಂಬಲು ಇನ್ನೊಂದು ಕಾರಣ ಬರಲೇಬೇಕು. ಪ್ರತಿ ತೀರ್ಮಾನವೂ ತೀರ್ಮಾನವಾಗುವಷ್ಟರಲ್ಲಿ ಹೊಸ ಆಕ್ಷೇಪಕ್ಕೆ ಎಡೆಕೊಡುತ್ತದೆ. ಯೋಚಿಸುವುದೆಂದರೆ ಹೀಗೆಯೇ ಅಲ್ಲವೇ?

ಈ ನಿಲುಗಡೆಗಳ ಚಿಹ್ನೆಗಳನ್ನೆಲ್ಲ ಶೇಕ್ಸ್‌ಪಿಯರನೇ ಇಟ್ಟನೆಂದು ಹೇಳಲಾಗದು. 'ಮ್ಯಾಕ್‌ಬೆತ್' ನಮಗೆ ದೊರೆತಿರುವುದು 1623ರ ಫೋಲಿಯೋ ಮುದ್ರಣದಿಂದ. ಅದರ ಚಿಹ್ನೆಗಳಲ್ಲಿ ಅಚ್ಚುಮೊಳೆ ಜೋಡಿಸಿದವರ ಕೈಯೂ ಇದೆ, ಇಂದಿನ ಪ್ರತಿಗಳಲ್ಲಿ ಸಂಪಾದಕರ ಕೈಯೂ ಇದೆ. ಆದರೆ ವಾಕ್ಯರಚನೆ ಚಿಹ್ನೆಯನ್ನು ಅವಲಂಬಿಸಿಲ್ಲ. ಚಿಹ್ನೆಗಳನ್ನೆಲ್ಲ ಅಳಿಸಿ ಓದಿದರೂ ವಾಕ್ಯ ಮುಗಿಯುವುದು ಅಲ್ಲಿಯೇ.

ಇನ್ನೊಂದು ಆಕ್ಷೇಪವೂ ಬರಬಹುದು. ಸಾಲಿನ ನಡುವೆ ನಿಲ್ಲುವುದು ಶೇಕ್ಸ್‌ಪಿಯರನ ಕೊನೆಯ ವರ್ಷಗಳ ನಾಟಕಗಳಲ್ಲಿ ಎಲ್ಲೆಡೆ ಕಾಣುವ ಅಭ್ಯಾಸ. ಅದನ್ನೆಲ್ಲ ಯೋಚನೆಯ ಲಕ್ಷಣವೆನ್ನಬಹುದೇ? ಇದಕ್ಕೆ ಹೋಲಿಕೆಯೇ ಪರೀಕ್ಷೆ. ಎರಡನೆಯ ಅಂಕದ ಮೂರನೆಯ ದೃಶ್ಯದಲ್ಲಿ ಕೊಲೆ ಬಯಲಾದ ಮೇಲೆ ಇದೇ ಮ್ಯಾಕ್‌ಬೆತ್ ಎಲ್ಲರ ಮುಂದೆ ಆರು ಸಾಲುಗಳ ಶೋಕವನ್ನು ನುಡಿಯುತ್ತಾನೆ. ಅದರ ಮೊದಲ ನಾಲ್ಕು ಸಾಲುಗಳೂ ವಿರಾಮದೊಡನೆ ಕೊನೆಗೊಳ್ಳುತ್ತವೆ. ಅಲ್ಲಿ ಅವನು ಹೇಳಬೇಕಾದದ್ದನ್ನು ಸಿದ್ಧಮಾಡಿಕೊಂಡು ಬಂದಿದ್ದಾನೆ, ಸಭೆ ಕೇಳುತ್ತಿದೆ. ಅದೇ ನಾಟಕ, ಅದೇ ಬಾಯಿ, ಅದೇ ಛಂದಸ್ಸು. ಏಕಾಂತದಲ್ಲಿ ಸಾಲು ಒಡೆಯುತ್ತದೆ, ಸಭೆಯಲ್ಲಿ ಸಾಲು ಕೂಡುತ್ತದೆ. ನನ್ನ ಅನುವಾದ ಏಕಾಂತದ ಮಾತನ್ನು ಸಭೆಯ ಮಾತಾಗಿ ಮಾಡಿತ್ತು. ಹುಡುಗ ಹೇಳಿದ 'ವರದಿ' ಅದೇ.

ಹಾಗೆ ಮಾಡಿದ್ದಕ್ಕೆ ನನ್ನ ಅಲಕ್ಷ್ಯದ ಜೊತೆಗೆ ಕನ್ನಡದ ಸ್ವಭಾವವೂ ಕಾರಣ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಸಾಲಿನ ಕೊನೆಯೂ ಒಂದು ಕೊನೆಯೇ ಆದ್ದರಿಂದ ಎರಡೂ ತಾವಾಗಿಯೇ ಒಂದೆಡೆ ಸೇರಲು ಬಯಸುತ್ತವೆ. ಸರಳ ರಗಳೆಯಲ್ಲಿ ಐದು ಮಾತ್ರೆಯ ನಾಲ್ಕು ಗಣಗಳಿವೆ, ಪ್ರಾಸದ ಕಟ್ಟಿಲ್ಲ. ಕುವೆಂಪು ಅವರು ಶೇಕ್ಸ್‌ಪಿಯರನಿಂದ ರೂಪಾಂತರಿಸಿದ 'ಬಿರುಗಾಳಿ', 'ರಕ್ತಾಕ್ಷಿ'ಗಳಿಗೆ ಈ ಛಂದಸ್ಸನ್ನು ಆರಿಸಿಕೊಂಡದ್ದು ಅದು ಸಾಲು ದಾಟಬಲ್ಲದೆಂಬ ಕಾರಣಕ್ಕೂ ಇರಬೇಕು. ದಾಟಿಸುವುದು ಮಾತ್ರ ಬರೆಯುವವನ ಕೆಲಸ. ಮರುದಿನ ತರಗತಿಯ ಕಪ್ಪುಹಲಗೆಯ ಮೇಲೆ, ಇರುಳಲ್ಲಿ ಒಬ್ಬನೇ ಇರುವವನ ಮಾತೆಂದು ಎರಡು ಸಾಲು ಬರೆದೆ:

ಯಾರೊ ಬರುತಿರುವಂತೆ ಸದ್ದೊಂದು ಕೇಳಿಸಿತು
ಬಾಗಿಲನು ತೆರೆಯದೆಯೆ ಗಾಳಿಯೆಂದರಿತೆ ನಾ

ಅದರ ಕೆಳಗೆ, ಅದೇ ಇಪ್ಪತ್ತು ಮಾತ್ರೆಗಳಲ್ಲಿ, ಹೀಗೆ:

ಬಾಗಿಲನು ತೆರೆಯದಿರು, ಯಾರೊ ಬರುತಿರುವಂತೆ
ಕೇಳಿಸಿತು. ಅಲ್ಲವಿದು, ಗಾಳಿ. ಬರಿ ಗಾಳಿಯಿದು.

ಮೊದಲ ಜೋಡಿಯಲ್ಲಿ ಸದ್ದು ಗಾಳಿಯದೆಂದು ಅವನಿಗೆ ಮಾತಿಗೆ ಮುನ್ನವೇ ಗೊತ್ತು. ಎರಡನೆಯದರಲ್ಲಿ ಎರಡು ಗಣಗಳಾದ ಮೇಲೆ ಮಾತು ನಿಂತು, ಹೊಸ ವಾಕ್ಯ ಶುರುವಾಗಿ, ಸಾಲಿನ ಅಂಚನ್ನು ದಾಟಿ, ಮುಂದಿನ ಸಾಲಿನ ಮೊದಲ ಗಣದಲ್ಲೇ ಮುಗಿಯುತ್ತದೆ. ಅನಂತರ ಅದನ್ನು ಅವನೇ ಅಲ್ಲಗಳೆಯುತ್ತಾನೆ. ಗಾಳಿಯೆಂದು ಅವನು ಕಂಡುಕೊಳ್ಳುವುದು ನಮ್ಮ ಕಿವಿಯ ಮುಂದೆಯೇ. ಮಾತ್ರೆಗಳ ಎಣಿಕೆ ಎರಡರಲ್ಲೂ ಒಂದೇ, ನಿಲುಗಡೆಯ ಜಾಗ ಮಾತ್ರ ಬೇರೆ.

ಇನ್ನು ಸ್ವಗತದ ಕೊನೆ. ಇಪ್ಪತ್ತಾರನೆಯ ಸಾಲು ಹನ್ನೊಂದನೆಯ ಒತ್ತಿಲ್ಲದ ಅಕ್ಷರದೊಂದಿಗೆ ತೂಗಿಬಿಡುತ್ತದೆ. ಅದರ ಬೆನ್ನಿಗೇ ಇಪ್ಪತ್ತೇಳನೆಯದು ಮಾದರಿಗೆ ವಿರುದ್ಧವಾಗಿ ಒತ್ತಿನಿಂದ ಆರಂಭವಾಗುತ್ತದೆ. ಆ ಸಾಲಿನ ಮೊದಲ ಪದದ ಅರ್ಥವೇ ನೆಗೆತ: ತನ್ನನ್ನು ತಾನೇ ಮೀರಿ ಹಾರುವ ಮಹತ್ವಾಕಾಂಕ್ಷೆ. ಕುದುರೆಯ ಮೇಲೆ ಹಾರಿ ಕೂರಲು ಹೋಗಿ ಆಚೆ ಬದಿಗೆ ಬೀಳುವವನ ಚಿತ್ರ ಅದು. ಬೀಳುವ ಚಿತ್ರ ಪೂರ್ತಿಯಾಗುವ ಮೊದಲೇ ವಾಕ್ಯ ತುಂಡಾಗುತ್ತದೆ. 'ಆಚೆ' ಎಂಬಲ್ಲಿಗೆ ಬಂದು, 'ಬದಿಗೆ' ಎನ್ನುವ ಮುನ್ನ ಹೆಂಡತಿ ಪ್ರವೇಶಿಸುತ್ತಾಳೆ. ಅವನೇ ಅವಳನ್ನು ಪ್ರಶ್ನಿಸಿ ಉಳಿದ ಸಾಲನ್ನು ತುಂಬುತ್ತಾನೆ. ಹದಿನೆಂಟನೆಯ ಶತಮಾನದ ಸಂಪಾದಕ ಹ್ಯಾನ್ಮರ್ ಆ ಕಾಣೆಯಾದ ಪದವನ್ನು ಸೇರಿಸಿ ವಾಕ್ಯವನ್ನು ಸರಿಪಡಿಸಿದ. ನಾನೂ ನನ್ನ ಮೊದಲ ಅನುವಾದದಲ್ಲಿ ಅದನ್ನೇ ಮಾಡಿದ್ದೆ, ಅವನ ಹೆಸರನ್ನೂ ಕೇಳದೆ. ವ್ಯಾಕರಣ ಉಳಿಯಿತು. ಆದರೆ ಯೋಚಿಸಿ ಮುಗಿಸಲು ಅವಕಾಶವೇ ಸಿಗದೆ ಕೊಲೆಯೊಳಕ್ಕೆ ಜಾರುವ ಮನುಷ್ಯ ಕಾಣೆಯಾದ.

ಆಮೇಲೆ ಆ ಇಪ್ಪತ್ತೆಂಟು ಸಾಲುಗಳನ್ನು ಮತ್ತೆ ಕನ್ನಡಿಸಿದೆ. ಐದು ನಿಲುಗಡೆಗಳಲ್ಲಿ ನಾಲ್ಕನ್ನು ಸಾಲಿನ ನಡುವೆ ತರಲಾಯಿತು. ಹನ್ನೆರಡನೆಯ ಸಾಲಿನದು ಇಂದಿಗೂ ನನ್ನ ಕೈಗೆ ಸಿಕ್ಕಿಲ್ಲ, ಕ್ರಿಯಾಪದ ಅಂಚಿಗೇ ಹೋಗಿ ಕೂರುತ್ತದೆ. ಕೊನೆಯ ವಾಕ್ಯವನ್ನು ತುಂಡಾಗಿಯೇ ಬಿಟ್ಟೆ. ಹುಡುಗ ಅದನ್ನು ಓದಿ, ಪೂರ್ತಿ ಮಾಡಲು ಮರೆತಿರೇನೋ ಎಂಬಂತೆ ನನ್ನ ಮುಖ ನೋಡಿದ. "ಅಲ್ಲಿ ಅವಳು ಬರುತ್ತಾಳೆ ಕಣೋ" ಎಂದೆ. ಅವನು ತಲೆಯಾಡಿಸಿ, ಮೊದಲ ಸಾಲಿಗೆ ಹಿಂದಿರುಗಿದ.